‘ಕೊಟ್ಟು ಮುಗಿಸು’ ಎಂದವರು ಮುಗಿಸಿದ್ದು ಏನನ್ನು?

ನಮ್ಮ ಸಮುದಾಯದಲ್ಲಿ ಒಂದು ಸಲಹೆ ಓಡಾಡುತ್ತಿದೆ. ಯಾರಿಗಾದರೂ ವಿಡಿಯೊ ಕಾಲ್ ಬ್ಲ್ಯಾಕ್‌ಮೇಲ್ ಆಯಿತೆಂದು ಗುಟ್ಟಾಗಿ ಗೊತ್ತಾದರೆ, ಊರಿನ ಇಬ್ಬರು ಅನುಭವಸ್ಥರು ಬಂದು ತಗ್ಗಿದ ಸ್ವರದಲ್ಲಿ ಹೇಳುತ್ತಾರೆ: “ಎಷ್ಟು ಕೇಳ್ತಾನೆ? ಹತ್ತು ಸಾವಿರವಾ? ಕೊಟ್ಟು ಮುಗಿಸಿಬಿಡು. ಪೊಲೀಸು ಗಿಲೀಸು ಬೇಡ, ಮಾನ ಹೋದೀತು.” ಇಷ್ಟು ಹೇಳಿ ಅವರು ಚಹಾ ಕುಡಿದು ಹೋಗುತ್ತಾರೆ. ಆಮೇಲೆ ಬರುವ ಎರಡನೇ ಕಾಲ್, ಮೂರನೇ ಕಾಲ್, ಹನ್ನೊಂದನೇ ಕಾಲ್ ಎತ್ತಬೇಕಾದವನು ಆ ಹುಡುಗ ಒಬ್ಬನೇ.

ಈ ಸಲಹೆ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದು ಧೈರ್ಯಕ್ಕೆ ಸಂಬಂಧಪಟ್ಟ ಮಾತಲ್ಲ, ಲೆಕ್ಕಕ್ಕೆ ಸಂಬಂಧಪಟ್ಟ ಮಾತು. ನಾನು ಅಂಗಡಿಯವನ ಮಗ. ಒಂದು ಸಲ ಕೊಟ್ಟರೆ ಮುಗಿಯುವ ಬಾಕಿ ಯಾವುದು, ಕೊಟ್ಟಷ್ಟೂ ಬೆಳೆಯುವ ಬಾಕಿ ಯಾವುದು ಎಂಬ ವ್ಯತ್ಯಾಸ ಗಲ್ಲಾಪೆಟ್ಟಿಗೆಯ ಹಿಂದೆ ಬೆಳೆದವರಿಗೆ ಬೇಗ ತಿಳಿಯುತ್ತದೆ.

ಮೊದಲು ಇದು ಹೇಗೆ ನಡೆಯುತ್ತದೆ ಎಂದು ಚಿಕ್ಕದಾಗಿ ಹೇಳುತ್ತೇನೆ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಹೆಣ್ಣಿನ ಹೆಸರಿನ ಖಾತೆಯಿಂದ ರಿಕ್ವೆಸ್ಟ್ ಬರುತ್ತದೆ. ಎರಡು ದಿನ, ಕೆಲವೊಮ್ಮೆ ಎರಡೇ ಗಂಟೆ ಮಾತುಕತೆ. ವಾಟ್ಸಾಪ್ ನಂಬರ್ ಕೇಳುತ್ತಾರೆ. ಆಮೇಲೆ ವಿಡಿಯೊ ಕಾಲ್. ಆಚೆ ಕಾಣುವ ಹೆಂಗಸು ಹೆಚ್ಚಾಗಿ ಆಗ ಮಾತಾಡುತ್ತಿರುವವಳೇ ಅಲ್ಲ. ಎಲ್ಲಿಂದಲೋ ತೆಗೆದ ಹಳೆಯ ಅಶ್ಲೀಲ ವಿಡಿಯೊವನ್ನು ಇನ್ನೊಂದು ಫೋನಿನಲ್ಲಿ ಓಡಿಸಿ ಕ್ಯಾಮೆರಾದ ಮುಂದೆ ಹಿಡಿದಿರುತ್ತಾರೆ. ಅವರಿಗೆ ಬೇಕಾದದ್ದು ನಿಮ್ಮ ಮುಖ. ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ನಿಮ್ಮ ಮುಖವೂ ಆ ದೃಶ್ಯವೂ ಒಂದೇ ಚೌಕಟ್ಟಿನಲ್ಲಿ ಕೆಲವು ಸೆಕೆಂಡು ಸಿಕ್ಕರೆ ಸಾಕು. ನೀವು ಬಟ್ಟೆ ತೆಗೆದಿರಬೇಕೆಂದೂ ಇಲ್ಲ. ಗಾಬರಿಯಲ್ಲಿ ಫೋನನ್ನೇ ದಿಟ್ಟಿಸುತ್ತ ಕುಳಿತವರ ವಿಡಿಯೊವನ್ನೂ ಹೀಗೆಯೇ ಬಳಸುತ್ತಾರೆ. ಕಾಲ್ ಕಟ್ಟಾದ ಹತ್ತು ನಿಮಿಷದೊಳಗೆ ಆ ವಿಡಿಯೊ, ಅದರ ಜೊತೆ ನಿಮ್ಮ ಫ್ರೆಂಡ್ಸ್ ಲಿಸ್ಟಿನ ಸ್ಕ್ರೀನ್‌ಶಾಟ್. ಭಾವ, ಮಾವ, ಮದರಸದ ಉಸ್ತಾದರು, ಕೆಲಸದ ಕಡೆಯ ಸೇಠ್, ಎಲ್ಲರ ಹೆಸರೂ ಅದರಲ್ಲಿ ಇರುತ್ತದೆ.

ಇಲ್ಲಿಂದ ಮುಂದೆ ಏನಾಗುತ್ತದೆ ಎಂಬುದನ್ನು ಅಹಮದಾಬಾದಿನ ಒಂದು ಪ್ರಕರಣ ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. 2022ರ ಆಗಸ್ಟ್‌ನಲ್ಲಿ ನವೀಕರಿಸಬಹುದಾದ ಇಂಧನದ ವ್ಯವಹಾರ ಮಾಡುವ ಒಬ್ಬ ಉದ್ಯಮಿಗೆ, ತಾನು ಮೋರ್ಬಿಯವಳೆಂದು ಹೇಳಿಕೊಂಡ ಹೆಂಗಸಿನಿಂದ ಇಂಥದೇ ವಿಡಿಯೊ ಕಾಲ್ ಬಂತು. ಕಾಲ್ ಕಟ್ಟಾದ ಮೇಲೆ ಮೊದಲ ಬೇಡಿಕೆ 50,000 ರೂಪಾಯಿ. ಆತ ಕೊಟ್ಟ. ದೊಡ್ಡ ವ್ಯಾಪಾರಸ್ಥನಿಗೆ ಅದು ದೊಡ್ಡ ಮೊತ್ತವಲ್ಲ. ‘ಕೊಟ್ಟು ಮುಗಿಸು’ ಎಂಬ ಸಲಹೆಯ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಕೆಲವು ದಿನ ಬಿಟ್ಟು ದಿಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಎಂದು ಹೇಳಿಕೊಂಡ ಒಬ್ಬನ ಫೋನ್ ಬಂತು. ವಿಡಿಯೊ ತನ್ನ ಕೈಗೆ ಸಿಕ್ಕಿದೆ ಎಂದು ಹೇಳಿ 3 ಲಕ್ಷ ತೆಗೆದುಕೊಂಡ. ಆಮೇಲೆ ದಿಲ್ಲಿ ಸೈಬರ್ ಸೆಲ್‌ನವನೆಂದು ಇನ್ನೊಬ್ಬ. ಆ ಹೆಂಗಸು ಆತ್ಮಹತ್ಯೆಗೆ ಯತ್ನಿಸಿದ್ದಾಳೆ ಎಂದ. ಈಗ ಮೊತ್ತ 80.97 ಲಕ್ಷ. ಆಮೇಲೆ ಸಿಬಿಐ ಅಧಿಕಾರಿಯ ವೇಷ. ಹೆಂಗಸಿನ ತಾಯಿ ಸಿಬಿಐಗೆ ದೂರು ಕೊಟ್ಟಿದ್ದಾಳೆ, ಅದನ್ನು ಮುಗಿಸಲು 8.5 ಲಕ್ಷ. ಹೀಗೆ ಡಿಸೆಂಬರ್ 15ರವರೆಗೂ ನಡೆಯಿತು. ಕೊನೆಗೆ ಪ್ರಕರಣ ಮುಚ್ಚಲಾಗಿದೆ ಎಂದು ದಿಲ್ಲಿ ಹೈಕೋರ್ಟಿನ ಹೆಸರಿನ ಒಂದು ಆದೇಶ ಬಂತು. ಆ ಕಾಗದ ನೋಡಿಯೇ ಅವರಿಗೆ ಅನುಮಾನ ಹುಟ್ಟಿದ್ದು. 2023ರ ಜನವರಿಯಲ್ಲಿ ಅಹಮದಾಬಾದ್ ಸೈಬರ್ ಕ್ರೈಂ ಪೊಲೀಸರಿಗೆ 11 ಜನರ ಮೇಲೆ ದೂರು ಕೊಡುವ ಹೊತ್ತಿಗೆ ಹೋದ ಹಣ ಒಟ್ಟು 2.69 ಕೋಟಿ.

ಈ ಮೊತ್ತ ನೋಡಿ ಬಾಯಿ ತೆರೆಯುವ ಮೊದಲು ಒಂದು ವಿಷಯ ಗಮನಿಸಿ. ಆತ ವಿಡಿಯೊಗಾಗಿ ಹಣ ಕೊಟ್ಟದ್ದು ಮೊದಲ ಒಂದೆರಡು ಸಲ ಮಾತ್ರ. ಆಮೇಲೆ ಕೊಟ್ಟದ್ದೆಲ್ಲ ಹೊಸ ಹೊಸ ಭಯಗಳಿಗೆ. ಮೊದಲು ಮಾನದ ಭಯ, ಆಮೇಲೆ ಪೊಲೀಸಿನ ಭಯ, ಆಮೇಲೆ ಒಂದು ಜೀವ ಹೋದೀತೆಂಬ ಭಯ, ಕೊನೆಗೆ ಸಿಬಿಐ ಭಯ. ಮೊದಲ 50,000 ಕೊಟ್ಟದ್ದೇ ಮುಂದಿನ ಪ್ರತಿ ಭಯಕ್ಕೂ ಆಧಾರ. “ತಪ್ಪು ಮಾಡದಿದ್ದರೆ ಆಗ ಹಣ ಯಾಕೆ ಕೊಟ್ಟೆ?” ಎಂದು ಆ ಸುಳ್ಳು ಪೊಲೀಸ್ ಕೇಳಿದರೆ ಉತ್ತರವೇ ಇರುವುದಿಲ್ಲ. ಕೊಟ್ಟ ಹಣವೇ ಕೊಟ್ಟವನ ವಿರುದ್ಧ ಸಾಕ್ಷಿಯ ಹಾಗೆ ನಿಲ್ಲುತ್ತದೆ.

ಡಿಪ್ಲೊಮಾದಲ್ಲಿ ನಮಗೆ ರ‍್ಯಾಚೆಟ್ ಬಗ್ಗೆ ಕಲಿಸಿದ್ದರು. ವರ್ಕ್‌ಶಾಪಿನ ಚೈನ್ ಪುಲ್ಲಿಯಲ್ಲಿ ಭಾರ ಎತ್ತುವಾಗ ಕಟ್ ಕಟ್ ಎಂದು ಸದ್ದು ಬರುತ್ತದಲ್ಲ, ಅದು. ಹಲ್ಲಿನ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ, ಹಿಂದೆ ಜಾರದಂತೆ ಒಂದು ಕೊಕ್ಕೆ ಹಿಡಿದಿರುತ್ತದೆ. ಇಲ್ಲಿ ಪ್ರತಿ ಪಾವತಿಯೂ ಒಂದು ಹಲ್ಲು. ಮುಂದಿನ ಬೇಡಿಕೆ ಅಲ್ಲಿಂದಲೇ ಶುರು, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಯಾಕೆ ಹೀಗೆ? ಬ್ಲ್ಯಾಕ್‌ಮೇಲ್ ಮಾಡುವವನ ಕಡೆಯಿಂದ ಒಮ್ಮೆ ಲೆಕ್ಕ ಹಾಕಿ ನೋಡಿ. ನೀವು ಅವನಿಂದ ಏನನ್ನು ಕೊಳ್ಳುತ್ತಿದ್ದೀರಿ? ವಿಡಿಯೊ ಡಿಲೀಟ್ ಮಾಡುತ್ತೇನೆ ಎಂಬ ಮಾತನ್ನು. ಅಡವಿಟ್ಟ ಚಿನ್ನವಾದರೆ ಹಣ ಕಟ್ಟಿದ ಮೇಲೆ ಕೈಗೆ ಬರುತ್ತದೆ, ತೂಕ ಮಾಡಿ ನೋಡಬಹುದು. ಫೈಲ್ ಹಾಗಲ್ಲ. ಅವನು ಡಿಲೀಟ್ ಮಾಡುವುದನ್ನು ವಿಡಿಯೊ ಕಾಲಿನಲ್ಲೇ ತೋರಿಸಬಹುದು, ಇನ್ನೊಂದು ಪ್ರತಿ ಬೇರೆ ಫೋನಿನಲ್ಲಿ ಇದ್ದೇ ಇರುತ್ತದೆ. ಅಂದರೆ ಸರಕು ಅವನ ಅಂಗಡಿಯಲ್ಲೇ ಉಳಿಯುತ್ತದೆ, ನೀವು ಬೆಲೆ ಮಾತ್ರ ಕೊಟ್ಟು ಬರುತ್ತೀರಿ. ಅದೇ ಸರಕನ್ನು ನಾಳೆ ನಿಮಗೇ ಮತ್ತೆ ಮಾರುವುದಕ್ಕೆ ಅವನಿಗೆ ಏನು ಅಡ್ಡಿ?

ಕೊಟ್ಟದ್ದರಿಂದ ಅವನಿಗೆ ಸಿಗುವುದು ಹಣ ಮಾತ್ರವಲ್ಲ, ಮಾಹಿತಿಯೂ ಸಿಗುತ್ತದೆ. ಅವನು ಒಂದೇ ದಿನದಲ್ಲಿ ಎಷ್ಟೋ ಜನರಿಗೆ ಇದೇ ಬೆದರಿಕೆ ಕಳಿಸುತ್ತಾನೆ. ಹೆಚ್ಚಿನವರು ಬ್ಲಾಕ್ ಮಾಡುತ್ತಾರೆ. ಯಾರು ಹೆದರುತ್ತಾರೆ, ಯಾರ ಬಳಿ ಹಣ ಇದೆ ಎಂದು ಅವನಿಗೆ ಮೊದಲೇ ಗೊತ್ತಿರುವುದಿಲ್ಲ. ನೀವು ಕಳಿಸಿದ ಮೊದಲ ಎರಡು ಸಾವಿರವೇ ಅದನ್ನು ಹೇಳಿಕೊಡುತ್ತದೆ. ಯುಪಿಐಯಲ್ಲಿ ಕಳಿಸಿದರೆ ಬ್ಯಾಂಕಿನಲ್ಲಿರುವ ನಿಮ್ಮ ಪೂರ್ತಿ ಹೆಸರೂ ಅವನಿಗೆ ಕಾಣುತ್ತದೆ. ಬ್ಲಾಕ್ ಮಾಡಿದವನ ಹಿಂದೆ ಸಮಯ ಹಾಳು ಮಾಡುವುದು ಬಿಟ್ಟು ಅವನು ಕೊಟ್ಟವನ ಬಳಿಗೇ ಬರುತ್ತಾನೆ. ನಮ್ಮ ಅಂಗಡಿಗಳಲ್ಲಿ ಬಂದ ಗಿರಾಕಿಯನ್ನು ಬಿಡಬೇಡ ಎನ್ನುತ್ತಾರಲ್ಲ, ಅವರೂ ಅದನ್ನೇ ಪಾಲಿಸುತ್ತಾರೆ.

“ಹಣ ಕೊಡದಿದ್ದರೆ ಹಾಕಿಯೇ ಬಿಟ್ಟರೆ?” ಎಂಬ ಪ್ರಶ್ನೆ ಸಣ್ಣದಲ್ಲ. ಹಾಗೆ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕೆಲವೊಮ್ಮೆ ಒಬ್ಬಿಬ್ಬರಿಗೆ ಕಳಿಸುತ್ತಾರೆ. ಆದರೆ ಯೋಚಿಸಿ, ಆ ವಿಡಿಯೊಗೆ ಬೆಲೆ ಇರುವುದು ಅದು ಹೊರಗೆ ಬಾರದೆ ಇರುವವರೆಗೆ ಮಾತ್ರ. ಎಲ್ಲರಿಗೂ ಕಳಿಸಿದ ಮರುಕ್ಷಣ ಅವನ ಕೈಯಲ್ಲಿ ನಿಮ್ಮನ್ನು ಹೆದರಿಸಲು ಏನೂ ಉಳಿಯುವುದಿಲ್ಲ. ಕಳಿಸಿದ ಖಾತೆ ರಿಪೋರ್ಟ್ ಆಗಿ ಮುಚ್ಚಿಹೋಗುವ ಅಪಾಯವೂ ಅವನಿಗಿದೆ. ದುಡ್ಡು ಬಾರದ ಕಡೆ ಕೆಲಸ ಮಾಡಲು ಅವನಿಗೆ ನಿಮ್ಮ ಮೇಲೆ ವೈಯಕ್ತಿಕ ದ್ವೇಷವೇನೂ ಇಲ್ಲ. ಇನ್ನು, ಹಣ ಕೊಟ್ಟವರ ವಿಡಿಯೊ ಹೊರಗೆ ಬಾರದು ಎಂಬ ಖಾತರಿ ಯಾರು ಕೊಟ್ಟಿದ್ದಾರೆ? ಕೊಟ್ಟು ಕೊಟ್ಟು ಕೈ ಖಾಲಿಯಾಗಿ ನಿಂತ ದಿನ ಅವರೂ ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ, ಸಾಲದ ಜೊತೆಗೆ.

ಚಿತ್ರದುರ್ಗದ ಅಂದಿನ ಶಾಸಕ ಜಿ.ಎಚ್. ತಿಪ್ಪಾರೆಡ್ಡಿಯವರ ಪ್ರಕರಣವನ್ನು ನೆನಪಿಸಿಕೊಳ್ಳಿ. 2022ರ ಅಕ್ಟೋಬರ್ ಕೊನೆಯಲ್ಲಿ ಅವರಿಗೂ ಅಪರಿಚಿತ ನಂಬರಿನಿಂದ ಇಂಥದೇ ನಗ್ನ ವಿಡಿಯೊ ಕಾಲ್ ಬಂತು. ಅವರು ಕಾಲ್ ಕಟ್ ಮಾಡಿ, ಪೊಲೀಸರಿಗೆ ದೂರು ಕೊಟ್ಟು, ಪತ್ರಿಕೆಯವರಿಗೂ ಅದನ್ನು ಹೇಳಿಬಿಟ್ಟರು. ಚುನಾವಣೆಗೆ ಆರು ತಿಂಗಳು ಇದ್ದಾಗ ಒಬ್ಬ ರಾಜಕಾರಣಿಗೆ ಮಾನದ ಚಿಂತೆ ನಮ್ಮ ನಿಮಗಿಂತ ಕಡಿಮೆ ಇರುತ್ತದೆಯೇ? ಅವರ ಪಕ್ಷ, ಅವರ ರಾಜಕೀಯ ನನಗೆ ಒಪ್ಪಿಗೆಯೋ ಇಲ್ಲವೋ ಬೇರೆ ಮಾತು. ಆದರೆ ತಾವೇ ಮೊದಲು ಹೇಳಿಬಿಟ್ಟದ್ದರಿಂದ ‘ಹೇಳಿಬಿಡುತ್ತೇನೆ’ ಎಂದು ಹೆದರಿಸುವವನಿಗೆ ಅವರ ಮುಂದೆ ಕೆಲಸವೇ ಇಲ್ಲದಾಯಿತು.

ಇನ್ನೊಂದು ತುದಿಯಲ್ಲಿ ಪುಣೆಯ ಒಬ್ಬ ಹುಡುಗ. 19 ವರ್ಷ, ಕಾಲೇಜು ವಿದ್ಯಾರ್ಥಿ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಂಥದೇ ಬೆದರಿಕೆಗೆ ಸಿಕ್ಕಿ ಸ್ವಲ್ಪ ಸ್ವಲ್ಪವಾಗಿ 4,500 ರೂಪಾಯಿ ಕಳಿಸಿದ್ದ. ಅಷ್ಟಕ್ಕೆ ಅವರು ಬಿಡಲಿಲ್ಲ, ಹುಡುಗ ಜೀವ ಕಳೆದುಕೊಂಡ. ಪುಣೆಯ ದತ್ತವಾಡಿ ಪೊಲೀಸರು ರಾಜಸ್ಥಾನದ ಅಲ್ವರ್ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿ ಒಬ್ಬನನ್ನು ಹಿಡಿದು ತಂದರು. 4,500 ರೂಪಾಯಿ! ಅವನು ಮನೆಯಲ್ಲಿ ಒಬ್ಬರಿಗೆ ಬಾಯಿ ಬಿಟ್ಟು ಹೇಳುವಂತಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ನಮ್ಮವರದೇ ನೋವೊಂದನ್ನೂ ಹೇಳದೆ ಇರಲಾರೆ. 2024ರ ಅಕ್ಟೋಬರ್ 6ರ ಬೆಳಗ್ಗೆ ಮಂಗಳೂರಿನ ಕೂಳೂರು ಸೇತುವೆಯ ಮೇಲೆ ಉದ್ಯಮಿ ಬಿ.ಎಂ. ಮುಮ್ತಾಝ್ ಅಲಿಯವರ ಕಾರು ಸಿಕ್ಕಿತು, ಮರುದಿನ ಫಲ್ಗುಣಿ ನದಿಯಲ್ಲಿ ಅವರ ಮೃತದೇಹ. ಅದು ಅಪರಿಚಿತರ ವಿಡಿಯೊ ಕಾಲ್ ಜಾಲವಲ್ಲ, ಆರೋಪ ಇದ್ದದ್ದು ಗುರುತಿದ್ದವರ ಮೇಲೆ. ಅದರ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಕುಟುಂಬದವರ ದೂರಿನಲ್ಲಿದ್ದ ಒಂದು ಸಂಗತಿ ನಮ್ಮ ಊರಿನ ಪ್ರತಿ ಸಲಹೆಗಾರನೂ ಓದಬೇಕಾದದ್ದು: ಬೆದರಿಸಿ 50 ಲಕ್ಷಕ್ಕೂ ಹೆಚ್ಚು ವಸೂಲಿ ಮಾಡಿದ್ದರು ಎಂಬುದು. 50 ಲಕ್ಷ ಕೊಟ್ಟರೂ ಮುಗಿಯದ್ದು ಹತ್ತು ಸಾವಿರಕ್ಕೆ ಮುಗಿಯುತ್ತದೆಂದು ಹುಡುಗನೊಬ್ಬನಿಗೆ ಹೇಳುವವರು ಯಾವ ಲೆಕ್ಕ ಹಿಡಿದು ಹೇಳುತ್ತಾರೆ?

ನಾನಿರುವ ಜಯಸಿಂಗಪುರದಲ್ಲಿ ಕಳೆದ ವರ್ಷ ಇಂಥದೊಂದನ್ನು ಹತ್ತಿರದಿಂದ ನೋಡಿದೆ. ಹುಡುಗ ಊರಿನ ಕಡೆಯವನು, ಇಚಲಕರಂಜಿ ರಸ್ತೆಯ ಒಂದು ಅಂಗಡಿಯಲ್ಲಿ ಕೆಲಸ. ಹೆಸರು ಬೇಡ. ಮೊದಲ ರಾತ್ರಿ 5,000 ಕಳಿಸಿದ. ಮರುದಿನ ಬೆಳಗ್ಗೆ 11,000. ಸಂಜೆ ‘ಯೂಟ್ಯೂಬ್ ಅಧಿಕಾರಿ’ ಒಬ್ಬ ಫೋನ್ ಮಾಡಿ, ವಿಡಿಯೊ ಅಪ್‌ಲೋಡ್ ಆಗಿದೆ, ತೆಗೆಯಲು 21,500 ಕಟ್ಟಬೇಕು, ಅದರಲ್ಲಿ 500 ಬಿಟ್ಟು ಉಳಿದದ್ದು ವಾಪಸ್ ಬರುತ್ತದೆ ಎಂದ. ಹುಡುಗ ಸೇಠ್ ಬಳಿ ಉಮ್ಮನಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಅಡ್ವಾನ್ಸ್ ಕೇಳಿದಾಗ ರೂಮಿನವರಿಗೆ ಅನುಮಾನ ಬಂತು. ಹಾಗೆ ವಿಷಯ ನಮಗೆ ತಿಳಿದದ್ದು. ಯೂಟ್ಯೂಬ್ ಯಾರಿಗೂ ಫೋನ್ ಮಾಡಿ ವಿಡಿಯೊ ತೆಗೆಯಲು ಶುಲ್ಕ ಕೇಳುವುದಿಲ್ಲ. ಯಾವ ಪೊಲೀಸರೂ ಪ್ರಕರಣ ಮುಚ್ಚಲು ಯುಪಿಐ ಐಡಿ ಕೊಡುವುದಿಲ್ಲ. ಸಮವಸ್ತ್ರದ ಫೋಟೊ ಡಿಪಿಯಲ್ಲಿ ಇದ್ದ ಮಾತ್ರಕ್ಕೆ ಅವನು ಪೊಲೀಸನಾಗುವುದಿಲ್ಲ. ಇಷ್ಟನ್ನು ಕೂರಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು, ಯಾಕೆಂದರೆ ಪ್ರತಿ ಎರಡು ನಿಮಿಷಕ್ಕೊಮ್ಮೆ ಫೋನ್ ಹೊಡೆದುಕೊಳ್ಳುತ್ತಿತ್ತು. ಯೋಚಿಸಲು ಬಿಡಬಾರದು ಎಂಬುದೂ ಅವರ ಉಪಾಯವೇ.

ಅವತ್ತು ಮಾಡಿದ್ದು ಇಷ್ಟು. ಚಾಟ್ ಡಿಲೀಟ್ ಮಾಡಲು ಬಿಡಲಿಲ್ಲ. ನಾಚಿಕೆಯಿಂದ ಎಲ್ಲರೂ ಮೊದಲು ಅದನ್ನೇ ಅಳಿಸುತ್ತಾರೆ, ಸಾಕ್ಷಿಯೂ ಅದರೊಂದಿಗೆ ಹೋಗುತ್ತದೆ. ನಂಬರ್, ಆ ಖಾತೆಯ ಲಿಂಕ್, ಬೆದರಿಕೆಯ ಮೆಸೇಜುಗಳು, ಹಣ ಹೋದ ಯುಪಿಐ ಐಡಿ, ಪಾವತಿಯ ಯುಟಿಆರ್ ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿದೆವು. ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್. ಉತ್ತರ ಕೊಡುವುದು, ಬೈಯುವುದು, ಬೇಡಿಕೊಳ್ಳುವುದು ಏನೂ ಇಲ್ಲ. ಫೇಸ್‌ಬುಕ್ಕಿನಲ್ಲಿ ಫ್ರೆಂಡ್ಸ್ ಲಿಸ್ಟನ್ನು Only me ಮಾಡಿ, ಇನ್‌ಸ್ಟಾಗ್ರಾಮನ್ನು ಪ್ರೈವೇಟ್ ಮಾಡಿದೆವು. 1930ಕ್ಕೆ ಫೋನ್ ಮಾಡಿ ಹೋದ ಹಣದ ವಿವರ ಕೊಟ್ಟೆವು. ಬೇಗ ಹೇಳಿದರೆ ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಇರುವಾಗಲೇ ಅದನ್ನು ತಡೆಹಿಡಿಯಲು ಬ್ಯಾಂಕಿಗೆ ಅವಕಾಶವಿದೆ. ಎಟಿಎಂನಿಂದ ತೆಗೆದುಬಿಟ್ಟರೆ ಸಿಗುವುದು ಕಷ್ಟ. ಇವನ ವಿಷಯದಲ್ಲಿ ಒಂದು ದಿನ ತಡವಾಗಿತ್ತು, 16,000ದಲ್ಲಿ ಏನೂ ವಾಪಸ್ ಬರಲಿಲ್ಲ. ಆದರೆ 21,500 ಉಳಿಯಿತು, ಅದರ ಹಿಂದೆ ಸಾಲಾಗಿ ಬರಲಿದ್ದವೂ ಉಳಿದವು.

ದೂರನ್ನು cybercrime.gov.in ನಲ್ಲಿ ಬರೆಯಬಹುದು. ಠಾಣೆಗೂ ಹೋಗಬಹುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇಲ್ಲಿ ಒಂದು ಗೊಂದಲ ಇರುತ್ತದೆ: ಆಧಾರ್ ದಕ್ಷಿಣ ಕನ್ನಡದ್ದು, ಸಿಮ್ ಕರ್ನಾಟಕದ್ದು, ಇರುವುದು ಕೊಲ್ಹಾಪುರ ಜಿಲ್ಲೆಯಲ್ಲಿ, ಹಾಗಾದರೆ ದೂರು ಎಲ್ಲಿ? 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲೂ ಕೊಡಬಹುದು. ‘ಇದು ನಮ್ಮ ಹದ್ದಿಯಲ್ಲಿ ಬರುವುದಿಲ್ಲ’ ಎಂದರೆ ಆ ಕಲಮಿನ ಹೆಸರು ಹೇಳಿ. ಬೆದರಿಸಿ ಹಣ ಕೀಳುವುದು ಬಿಎನ್‌ಎಸ್ 308ರಡಿ ಏಳು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಇದರಲ್ಲಿ ಅಪರಾಧಿ ಅವನು, ನೀವಲ್ಲ. ಠಾಣೆಯಲ್ಲಿ ಮರಾಠಿ ಬಾರದಿದ್ದರೆ ಬರುವವನೊಬ್ಬನನ್ನು ಕರೆದುಕೊಂಡು ಹೋಗಿ, ಒಬ್ಬಂಟಿಯಾಗಿ ಹೋಗಬೇಡಿ.

ವಿಡಿಯೊ ನಿಜವಾಗಿಯೂ ನಿಮ್ಮದೇ ಆಗಿದ್ದು ನಿಮ್ಮ ಬಳಿ ಅದರ ಪ್ರತಿ ಇದ್ದರೆ StopNCII.org ಎಂಬ ತಾಣವಿದೆ. ಅಲ್ಲಿ ವಿಡಿಯೊ ಅಪ್‌ಲೋಡ್ ಆಗುವುದಿಲ್ಲ. ನಿಮ್ಮ ಫೋನಿನಲ್ಲೇ ಅದರಿಂದ ಒಂದು ಗುರುತಿನ ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಅದೇ ಸಂಖ್ಯೆಗೆ ಹೊಂದುವ ವಿಡಿಯೊ ಬಂದರೆ ತಡೆಯುತ್ತವೆ. ಇದು ಹದಿನೆಂಟು ತುಂಬಿದವರಿಗೆ. ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಇದು ತಡೆಯದು, ವಿಡಿಯೊವನ್ನು ಬದಲಾಯಿಸಿ ಹಾಕಿದರೂ ತಪ್ಪಿಸಿಕೊಳ್ಳಬಹುದು. ಫೇಸ್‌ಬುಕ್ಕಿನಂಥ ಕಡೆ ಹಾಕಿಯೇ ಬಿಟ್ಟರೆ ಅಲ್ಲಿಗೇ ದೂರು ಕೊಡಿ. 2021ರ ಐಟಿ ನಿಯಮಗಳಲ್ಲೇ ಇಂಥ ವಿಡಿಯೊ ತೆಗೆಯಲು 24 ಗಂಟೆಯ ಗಡುವು ಇಟ್ಟಿದ್ದರು.

ಇನ್ನು ನಮ್ಮ ಬಗ್ಗೆ. ಬ್ಲ್ಯಾಕ್‌ಮೇಲ್ ಮಾಡುವವನು ಅಲ್ವರಿನಲ್ಲೋ ಮೇವಾತಿನಲ್ಲೋ ಕೂತಿರಬಹುದು, ಅವನ ಬಂಡವಾಳ ಇರುವುದು ನಮ್ಮ ಊರಿನಲ್ಲಿ. ಹುಡುಗ ಹೆದರುವುದು ಅವನಿಗಲ್ಲ. ಜುಮಾ ಮುಗಿಸಿ ಹೊರಗೆ ಬಂದಾಗ ಜನ ನೋಡುವ ನೋಟಕ್ಕೆ, ಮದುವೆ ಮನೆಯ ಪಿಸುಮಾತಿಗೆ, “ನಿನಗೂ ಬಂತಾ?” ಎಂದು ಫಾರ್ವರ್ಡ್ ಮಾಡುವ ಬೆರಳಿಗೆ. ಇನ್ನೊಬ್ಬರ ದೋಷವನ್ನು ಮುಚ್ಚಬೇಕು, ಗೀಬತ್ ಮಾಡಬಾರದು ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವರು ನಾವು. ಅದೇ ನಾವು ಇಂಥ ವಿಡಿಯೊ ಬಂದರೆ ‘ನೋಡಿ ಡಿಲೀಟ್ ಮಾಡಿ’ ಎಂದು ಬರೆದು ನಾಲ್ಕು ಗ್ರೂಪಿಗೆ ಹಾಕುತ್ತೇವೆ. ಹಾಗೆ ಹಾಕಿದವನ ಮೇಲೂ ಐಟಿ ಕಾಯ್ದೆಯ 67ಎ ಬರುತ್ತದೆ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಮತ್ತು ಹತ್ತು ಲಕ್ಷದವರೆಗೆ ದಂಡ. ‘ನಾನು ಮಾಡಿದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಸೆಟ್ಲ್‌ಮೆಂಟ್ ಮಾಡಿಸುವ ಕಾಕಂದಿರಿಗೂ ಒಂದು ಮಾತು. ಜಾಗದ ತಕರಾರಿನಲ್ಲಿ, ಗಂಡ ಹೆಂಡತಿ ಜಗಳದಲ್ಲಿ ನೀವು ಕೂತು ಮುಗಿಸಿದ್ದನ್ನು ನಾನು ನೋಡಿದ್ದೇನೆ, ಅದಕ್ಕೆ ಗೌರವವಿದೆ. ಅಲ್ಲಿ ಎರಡೂ ಕಡೆಯವರು ಊರಿನವರು, ಮಾತಿಗೆ ತಪ್ಪಿದರೆ ಮುಖ ತೋರಿಸಬೇಕು. ಇಲ್ಲಿ ಆಚೆ ಕಡೆ ಯಾರೂ ಇಲ್ಲ. ಒಂದು ಸಿಮ್ ಇದೆ, ಅದೂ ಇನ್ಯಾರದೋ ಹೆಸರಿನಲ್ಲಿ. ಅವನ ಮಾತಿಗೆ ಜಾಮೀನು ನಿಲ್ಲುವವರು ಯಾರು? ನೀವು ನಿಲ್ಲುತ್ತೀರಾ? ಗುರುತಿದ್ದವನೇ ಬೆದರಿಸುತ್ತಿದ್ದರೂ ಲೆಕ್ಕ ಬದಲಾಗುವುದಿಲ್ಲ. ಮಧ್ಯಸ್ಥಿಕೆಯ ನೆಪದಲ್ಲಿ ಹಣ ಕೊಡಿಸಿದರೆ, ಈ ಮನೆಯವರು ಕೊಡುತ್ತಾರೆ ಎಂದು ನೀವೇ ಅವನಿಗೆ ಖಾತರಿ ಮಾಡಿಕೊಟ್ಟ ಹಾಗಾಯಿತು.

ಜಯಸಿಂಗಪುರದ ಹುಡುಗನ ವಿಡಿಯೊ ಕೊನೆಗೂ ಇಬ್ಬರಿಗೆ ಹೋಯಿತು. ಒಬ್ಬ ಹಳೆಯ ಸಹಪಾಠಿ, ಇನ್ನೊಬ್ಬರು ಅಕ್ಕನ ಗಂಡ. ಹುಡುಗ ಮೊದಲೇ ಭಾವನಿಗೆ ಫೋನ್ ಮಾಡಿ ಹೇಳಿದ್ದ. ಹೇಳುವಾಗ ಅಳುತ್ತಿದ್ದ, ನಾವು ಪಕ್ಕದಲ್ಲೇ ಇದ್ದೆವು. ಭಾವ ವಿಡಿಯೊ ತೆರೆಯದೆ, ಬಂದ ನಂಬರಿನ ಸ್ಕ್ರೀನ್‌ಶಾಟ್ ಕಳಿಸಿ, ರಿಪೋರ್ಟ್ ಮಾಡಿ ಅಳಿಸಿದರು. ಸಹಪಾಠಿಯೂ ಅದನ್ನೇ ಮಾಡಿದ. ಎಂಟು ಹತ್ತು ದಿನ ಹೊಸ ಹೊಸ ನಂಬರಿನಿಂದ ಕಾಲ್ ಬರುತ್ತಿತ್ತು, ಆಮೇಲೆ ನಿಂತಿತು. ಆ ಹತ್ತು ದಿನ ರೂಮಿನಲ್ಲಿ ರಾತ್ರಿ ಅವನೊಬ್ಬನನ್ನೇ ಬಿಡಲಿಲ್ಲ, ಸರದಿಯಂತೆ ಯಾರಾದರೂ ಜೊತೆಗಿದ್ದರು. ಹಾಗೆ ಜೊತೆಗಿರಲು ಯಾರೂ ಇಲ್ಲದವರು, ಜೀವ ಬೇಡವೆನ್ನಿಸುವಷ್ಟು ಭಯವಾದರೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.